ಮಳೆ ತಾಗದ ಡಬ್ಬದೊಳಗೆ ನೀರು ಎಲ್ಲಿಂದ ಬಂತು?

ಹೋದ ಮಳೆಗಾಲದಲ್ಲಿ ಬಳ್ಳಾರಿಯಿಂದ ಕುಂದಾಪುರಕ್ಕೆ ಆರು ಜೀನ್ಸ್ ಪ್ಯಾಂಟ್ ಕಳಿಸಿದ್ದೆ. ಒಂಬತ್ತನೇ ದಿನ ಡಬ್ಬ ವಾಪಸ್ ಬಂತು. ರಟ್ಟು ಗಟ್ಟಿಯಾಗಿತ್ತು, ಟೇಪ್ ಬಿಟ್ಟಿರಲಿಲ್ಲ, ವಿಳಾಸದ ಒಂದಕ್ಷರವೂ ಕದಡಿರಲಿಲ್ಲ. ಹೊರಗೆ ಮಳೆ ಹನಿ ಬಿದ್ದ ಗುರುತೇ ಇಲ್ಲ. ಡಬ್ಬ ಬಿಚ್ಚಿದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಒಳಗಿನ ಪ್ಲಾಸ್ಟಿಕ್ ಕವರಿನ ಗೋಡೆಗೆ ಸಣ್ಣ ಸಣ್ಣ ಹನಿ ಅಂಟಿಕೊಂಡಿದ್ದವು. ತಳದಲ್ಲಿದ್ದ ಎರಡು ಪ್ಯಾಂಟಿನ ಜೇಬಿನ ಬಿಳಿ ಬಟ್ಟೆಯ ಮೇಲೆ ಕಪ್ಪು ಚುಕ್ಕೆ. ಅಂದರೆ ಬೂಷ್ಟು.

ಕೊರಿಯರಿನವರು ಮಳೆಯಲ್ಲಿ ಇಟ್ಟಿರಬೇಕು ಅಂತ ಮೊದಲು ಸಿಟ್ಟು ಬಂತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ಆ ನೀರನ್ನು ಡಬ್ಬದೊಳಗೆ ತುಂಬಿ ಕಳಿಸಿದವನು ನಾನೇ.

ಕೌಲ್ ಬಜಾರಿನ ಜೀನ್ಸ್, ಸಂಡೂರಿನ ಲಂಬಾಣಿ ಕಸೂತಿ, ಭಾಗ್ಯನಗರದ ಸೀರೆ, ಹೀಗೆ ನಮ್ಮ ಕಡೆಯಿಂದ ಮನೆಯಲ್ಲೇ ಕೂತು ಮಾಲು ಕಳಿಸುವವರು ಈಗ ಬಹಳ ಜನ. ನಮ್ಮದು ಒಣ ಸೀಮೆ. ಘಟ್ಟ ತಡೆದು ಉಳಿಸಿದ ಮಳೆಯಷ್ಟೇ ನಮಗೆ. ಹಾಗಾಗಿ ತೇವದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಭ್ಯಾಸ ನಮಗಿಲ್ಲ. ಆದರೆ ಪಾರ್ಸೆಲ್ ನಮ್ಮೂರಲ್ಲೇ ಇರುವುದಿಲ್ಲ ಅಲ್ವಾ? ಅದು ಘಟ್ಟ ಇಳಿಯುತ್ತದೆ.

## ನೀರು ಎರಡು ದಾರಿಯಲ್ಲಿ ಬರುತ್ತದೆ

ಒಂದು ದಾರಿ ಎಲ್ಲರಿಗೂ ಗೊತ್ತು. ಮಳೆ ಸುರಿಯುತ್ತದೆ, ಡಬ್ಬ ನೆನೆಯುತ್ತದೆ. ಇನ್ನೊಂದು ದಾರಿ ಗಾಳಿಯದು. ಅದನ್ನು ತಿಳಿಯಲು ನಮ್ಮ ಅಡುಗೆಮನೆಯ ರೊಟ್ಟಿಯೇ ಸಾಕು.

ಖಡಕ್ ರೊಟ್ಟಿಯನ್ನು ಮಳೆಗಾಲದಲ್ಲಿ ಬುಟ್ಟಿಯಲ್ಲಿ ತೆರೆದಿಡಿ. ಒಂದು ಹನಿ ನೀರು ಬೀಳದಿದ್ದರೂ ಮರುದಿನ ಮುರಿದರೆ ಸದ್ದೇ ಬರುವುದಿಲ್ಲ, ಬಾಗುತ್ತದೆ. ಗಾಳಿಯಲ್ಲಿದ್ದ ತೇವವನ್ನು ಅದು ಎಳೆದುಕೊಂಡಿದೆ. ಹತ್ತಿ ಬಟ್ಟೆ, ಕಾಗದ, ರಟ್ಟು ಎಲ್ಲವೂ ಹೀಗೇ.

ಈಗ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ. ಹತ್ತು ನಿಮಿಷಕ್ಕೆ ಮುಚ್ಚಳದ ಒಳಗೆ ನೀರು. ಹೊರಗಿನಿಂದ ಯಾರೂ ನೀರು ಹಾಕಿಲ್ಲ. ರೊಟ್ಟಿಯೊಳಗಿನ ತೇವವೇ ಆವಿಯಾಗಿ ಮೇಲೆ ಹೋಗಿ, ತಣ್ಣಗಿನ ಮುಚ್ಚಳಕ್ಕೆ ತಾಗಿ ಹನಿಯಾಗಿದೆ. ಅಡಿಯ ರೊಟ್ಟಿ ಒದ್ದೆ ಮುದ್ದೆ.

ನನ್ನ ಜೀನ್ಸಿಗೆ ಆಗಿದ್ದು ಈ ಎರಡನೆಯದು.

ಇದರಲ್ಲಿ ಒಂದು ಅಂಕಿ ತಿಳಿದಿದ್ದರೆ ಒಳ್ಳೆಯದು. ಮಾಳಿಗೆ ಮೇಲಿನ 1000 ಲೀಟರ್ ನೀರಿನ ಟ್ಯಾಂಕ್ ಖಾಲಿಯಾಗಿದೆ, ಬರೀ ಗಾಳಿ ತುಂಬಿದೆ ಅಂದುಕೊಳ್ಳಿ. 30 ಡಿಗ್ರಿ ಬಿಸಿಯಲ್ಲಿ ಅಷ್ಟು ಗಾಳಿ ಹೆಚ್ಚೆಂದರೆ 30 ಗ್ರಾಂ ನೀರನ್ನು ಆವಿಯಾಗಿ ಹಿಡಿದುಕೊಳ್ಳುತ್ತದೆ. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಹವಾಮಾನದ ಸುದ್ದಿಯಲ್ಲಿ 'ತೇವಾಂಶ ಶೇ 80' ಅಂತಾರಲ್ಲ, ಅದರ ಅರ್ಥ ಆ ಬಿಸಿಯಲ್ಲಿ ಗಾಳಿ ಹಿಡಿಯಬಹುದಾದ ನೀರಿನಲ್ಲಿ 80 ಪಾಲು ಆಗಲೇ ತುಂಬಿದೆ ಅಂತ. 30 ಡಿಗ್ರಿಯಲ್ಲಿ ಅದು 24 ಗ್ರಾಂ. ಅದೇ ಗಾಳಿ 20ಕ್ಕೆ ತಣ್ಣಗಾದರೆ 17 ಮಾತ್ರ ಹಿಡಿಯುತ್ತದೆ. ಉಳಿದ 7 ಗ್ರಾಂ ಎಲ್ಲಾದರೂ ಹನಿಯಾಗಲೇಬೇಕು.

## ನನ್ನ ಡಬ್ಬದ ಲೆಕ್ಕ

ನನ್ನ ಡಬ್ಬ 40 ಸೆಂಟಿಮೀಟರ್ ಉದ್ದ, 30 ಅಗಲ, 25 ಎತ್ತರ. ಅಂದರೆ 30 ಲೀಟರ್. ಅದರ ತುಂಬ ಬರೀ ಗಾಳಿಯೇ ಇದ್ದಿದ್ದರೂ ಆವಿಯಾಗಿ ಇರಬಹುದಾದ ನೀರು ಒಂದು ಗ್ರಾಂಗಿಂತ ಕಡಿಮೆ. ಒಂದು ಚಹಾ ಚಮಚದ ಐದನೇ ಒಂದು ಪಾಲೂ ಅಲ್ಲ. ಇಷ್ಟರಿಂದ ಆರು ಪ್ಯಾಂಟ್ ಹಾಳಾಗಲ್ಲ.

ನೀರು ಇದ್ದಿದ್ದು ಬಟ್ಟೆಯಲ್ಲಿ. ಹತ್ತಿ ಬಟ್ಟೆ 'ಒಣಗಿದೆ' ಅಂದರೂ ಅದರಲ್ಲಿ ನೀರು ಇರುತ್ತದೆ. ಗಾಳಿಯ ತೇವ ಶೇ 65ರ ಆಸುಪಾಸು ಇದ್ದಾಗ ಹತ್ತಿ ತನ್ನ ತೂಕದ ಶೇ 7ರಿಂದ 8ರಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಇದು ಸಹಜ, ಇದರಿಂದ ತೊಂದರೆ ಇಲ್ಲ. ನನ್ನ ಆರು ಪ್ಯಾಂಟ್ ಸೇರಿ ಹತ್ತಿರ ಹತ್ತಿರ 4 ಕಿಲೋ. ಅಂದರೆ ಚೆನ್ನಾಗಿ ಒಣಗಿದ್ದರೂ ಅದರಲ್ಲಿ 300 ಗ್ರಾಂ ನೀರು. ಒಂದು ದೊಡ್ಡ ಲೋಟ!

ಆದರೆ ಅವತ್ತು ಬಟ್ಟೆ ಚೆನ್ನಾಗಿ ಒಣಗಿರಲಿಲ್ಲ. ಮೋಡ ಮುಸುಕಿದ ದಿನ. ತೊಳೆದು ಬಂದ ಪ್ಯಾಂಟನ್ನು ಮಾಳಿಗೆ ಮೇಲೆ ಹರವಿದ್ದೆ. ಕಾಲಿನ ಭಾಗ ಮುಟ್ಟಿ ನೋಡಿ 'ಒಣಗ್ಯಾವ' ಅಂತ ಎತ್ತಿಕೊಂಡು ಬಂದೆ. ಜೀನ್ಸಿನ ಕಾಲು ಒಂದೇ ಪದರ, ಬೇಗ ಒಣಗುತ್ತದೆ. ಸೊಂಟದ ಪಟ್ಟಿ, ಜೇಬಿನ ಮೂಲೆ, ಜಿಪ್ಪಿನ ಅಂಚು ನಾಲ್ಕಾರು ಪದರ ದಪ್ಪ. ಅಲ್ಲಿ ಇನ್ನೂ ಹಸಿ. ಒಟ್ಟಾರೆ ತೇವ ಶೇ 11 ಇತ್ತು ಅಂತ ಹಿಡಿದರೂ ನೀರು 440 ಗ್ರಾಂ ಆಗುತ್ತದೆ. ಇರಬೇಕಾದ್ದಕ್ಕಿಂತ 140 ಗ್ರಾಂ ಜಾಸ್ತಿ.

ಅದರ ಮೇಲೆ ಇನ್ನೊಂದು ತಪ್ಪು. ಮಾಳಿಗೆಯ ಬಿಸಿ ಆರುವ ಮೊದಲೇ ಕವರಿಗೆ ತುಂಬಿ ಬಾಯಿ ಬಿಗಿದೆ. ಬಿಸಿ ರೊಟ್ಟಿ, ಸ್ಟೀಲ್ ಡಬ್ಬಿ. ಪಾರ್ಸೆಲ್ ಬೆಂಗಳೂರಿಗೆ ಹೋಗಿ, ಅಲ್ಲಿಂದ ರಾತ್ರಿ ಲಾರಿಯಲ್ಲಿ ಘಟ್ಟ ದಾಟುವಾಗ ಹೊರಗೆ ತಣ್ಣಗೆ. ಕವರಿನ ಗೋಡೆ ಮೊದಲು ತಣ್ಣಗಾಯಿತು, ಬಟ್ಟೆಯ ನಡುಭಾಗ ಇನ್ನೂ ಬೆಚ್ಚಗಿತ್ತು. ಬೆಚ್ಚಗಿನ ಕಡೆಯಿಂದ ಎದ್ದ ಆವಿ ತಣ್ಣಗಿನ ಗೋಡೆಗೆ ಹನಿಯಾಗಿ ಕೂತು, ಜಾರಿ ತಳಕ್ಕೆ ಇಳಿಯಿತು. ಅದಕ್ಕೇ ಕೆಳಗಿನ ಎರಡು ಪ್ಯಾಂಟಿಗೆ ಜಾಸ್ತಿ ಪೆಟ್ಟು. ಶೇ 70ಕ್ಕಿಂತ ಮೇಲೆ ತೇವ ನಿಂತರೆ ಬೂಷ್ಟಿಗೆ ಅನುಕೂಲ, ಮೇಲೆ ಮೇಲೆ ಹೋದಷ್ಟೂ ಬೇಗ. ಒಂಬತ್ತು ದಿನ ಅದಕ್ಕೆ ಧಾರಾಳ.

## ಸಿಲಿಕಾ ಜೆಲ್ ಹಾಕಿದ್ದೆನಲ್ಲ?

ಹಾಕಿದ್ದೆ. 5 ಗ್ರಾಂನ ಎರಡು ಪೊಟ್ಟಣ. ಹೊಸ ಶೂ ಡಬ್ಬದಲ್ಲಿ 'ತಿನ್ನಬೇಡಿ' ಅಂತ ಬರೆದುಕೊಂಡು ಬರುತ್ತಲ್ಲ, ಅದೇ. ಅದರೊಳಗಿನ ಮಣಿಗಳ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಆವಿ ಹೋಗಿ ಅಲ್ಲಿ ಕೂರುತ್ತದೆ. ಆದರೆ ಅದಕ್ಕೂ ಹೊಟ್ಟೆ ಅಂತ ಒಂದಿದೆ. ಗಾಳಿಯ ತೇವವನ್ನು ಶೇ 60ರ ಹತ್ತಿರ ಇಡಬೇಕು ಅಂದರೆ ಸಿಲಿಕಾ ತನ್ನ ತೂಕದ ಶೇ 30ರಷ್ಟು ನೀರು ಹಿಡಿದೀತು. 5 ಗ್ರಾಂ ಪೊಟ್ಟಣಕ್ಕೆ ಒಂದೂವರೆ ಗ್ರಾಂ. ನನ್ನ 140 ಗ್ರಾಂ ನೀರಿಗೆ ಎಷ್ಟು ಪೊಟ್ಟಣ ಬೇಕಿತ್ತು? ತೊಂಬತ್ತಕ್ಕೂ ಹೆಚ್ಚು. ಅರ್ಧ ಕಿಲೋ ಸಿಲಿಕಾ ಕಟ್ಟಿ ಕಳಿಸುವ ಬದಲು ಇನ್ನೊಂದು ದಿನ ಒಣಗಿಸುವುದು ವಾಸಿ.

ಸಿಲಿಕಾ ಕೆಲಸಕ್ಕೆ ಬಾರದ್ದು ಅಂತಲ್ಲ. ತಾನೇ ನೀರು ಹಿಡಿದುಕೊಳ್ಳುವ ವಸ್ತುವಿನ ಮುಂದೆ ಅದರ ಆಟ ನಡೆಯುವುದಿಲ್ಲ, ಅಷ್ಟೇ. ಅದು ಗೆಲ್ಲುವ ಜಾಗ ಬೇರೆ, ಮುಂದೆ ಬರುತ್ತೇನೆ.

## ಒಣಗಿದೆ ಅಂತ ಗೊತ್ತಾಗುವುದು ಹೇಗೆ

ಕೈಯನ್ನು ನಂಬಬೇಡಿ. ಶೇ 8 ಮತ್ತು ಶೇ 11ರ ವ್ಯತ್ಯಾಸ ಬೆರಳಿಗೆ ತಿಳಿಯುವುದಿಲ್ಲ.

ನಾನು ಈಗ ಬಳಸುವುದು ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್. ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಮೀಟರ್, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮುಚ್ಚಳ ಬಿಗಿಯಾಗಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೆರಡು ಪ್ಯಾಂಟ್ ಒತ್ತಿ ತುಂಬಿ, ಸೊಂಟದ ಪಟ್ಟಿಯ ಪಕ್ಕದಲ್ಲೇ ಮೀಟರ್ ಇಟ್ಟು, ಮುಖ ಹೊರಗೆ ಕಾಣುವಂತೆ ಮುಚ್ಚಿ ರಾತ್ರಿ ಬಿಡಿ. ಡಬ್ಬಿಯಲ್ಲಿ ಗಾಳಿ ಕಡಿಮೆ, ಬಟ್ಟೆ ಜಾಸ್ತಿ. ಹಾಗಾಗಿ ಬೆಳಗಾಗುವಷ್ಟರಲ್ಲಿ ಗಾಳಿ ಬಟ್ಟೆಯ ಮಾತು ಕೇಳುತ್ತದೆ, ಮೀಟರ್ ತೋರಿಸುವುದು ನಿಮ್ಮ ಕೋಣೆಯ ತೇವವನ್ನಲ್ಲ, ಬಟ್ಟೆ ತನ್ನ ಸುತ್ತಲಿನ ಗಾಳಿಗೆ ಕೊಟ್ಟ ತೇವವನ್ನು. 60ರ ಸುತ್ತಮುತ್ತ ಇದ್ದರೆ ಕವರ್ ಬಿಗಿಯಿರಿ. 65 ದಾಟಿದರೆ ಇನ್ನಷ್ಟು ಒಣಗಿಸಿ. 70 ಬಂದರೆ ಆ ಮಾಲು ಅವತ್ತು ಹೊರಡಬಾರದು.

ಅಗ್ಗದ ಮೀಟರ್ ಸುಳ್ಳು ಹೇಳಬಹುದು. ಅದಕ್ಕೊಂದು ಪರೀಕ್ಷೆ ಇದೆ, ಖರ್ಚು ಒಂದು ಚಮಚ ಅಡುಗೆ ಉಪ್ಪು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ ನಾಲ್ಕೈದು ಹನಿ ನೀರು ಬಿಡಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಅದನ್ನೂ ಮೀಟರನ್ನೂ ಒಂದೇ ಡಬ್ಬಿಯಲ್ಲಿ ಎಂಟು ಗಂಟೆ ಮುಚ್ಚಿಡಿ. ಹಸಿ ಉಪ್ಪಿನ ಪಕ್ಕದ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 79 ತೋರಿಸಿದರೆ ಅದು 4 ಜಾಸ್ತಿ ಹೇಳುತ್ತಿದೆ ಅಂತ ಮುಚ್ಚಳದ ಮೇಲೆ ಬರೆದಿಟ್ಟುಕೊಳ್ಳಿ.

ಒಣಗಿಸುವ ಹೊತ್ತೂ ಮುಖ್ಯ. ದಿನದಲ್ಲಿ ಗಾಳಿ ಅತಿ ಒಣಗಿರುವುದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಅತಿ ತೇವ ಇರುವುದು ನಸುಕಿನಲ್ಲಿ. ಜೇಬನ್ನು ಹೊರಗೆ ಎಳೆದು, ಪ್ಯಾಂಟನ್ನು ತಿರುವಿ ಹಾಕಿ. ಎತ್ತಿಕೊಂಡು ಬಂದ ಮೇಲೆ ಫ್ಯಾನ್ ಕೆಳಗೆ ಒಂದು ತಾಸು ಹರವಿ ಬಿಸಿ ಆರಲಿ. ಸಂಜೆಯೊಳಗೆ ಡಬ್ಬಿಗೆ ಹೋಗಲಿ. ರಾತ್ರಿಯೆಲ್ಲ ಹೊರಗೆ ಬಿಟ್ಟರೆ ಖಡಕ್ ರೊಟ್ಟಿ ಕಥೆಯೇ.

## ಪ್ಲಾಸ್ಟಿಕ್ ಡಬ್ಬದ ಒಳಗೋ ಹೊರಗೋ?

ಎರಡೂ ಕಡೆ, ಆದರೆ ಎರಡರ ಕೆಲಸ ಬೇರೆ.

ಒಳಗಿನದು ಮಾಲನ್ನು ಕಾಯುತ್ತದೆ. ಖಾಲಿ ಡಬ್ಬದೊಳಗೆ ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಬಟ್ಟೆ ಇಟ್ಟು, ಒತ್ತಿ ಗಾಳಿ ತೆಗೆದು, ಬಾಯನ್ನು ಹಗ್ಗದ ಹಾಗೆ ತಿರುಚಿ. ತಿರುಚಿದ್ದನ್ನು ಹಿಂದಕ್ಕೆ ಮಡಚಿ ಟೇಪ್ ಸುತ್ತಿ. ಸುಮ್ನೆ ಬಾಯಿ ಮಡಚಿ ಟೇಪ್ ಅಂಟಿಸಿದರೆ ಮಡಿಕೆಯ ಸಂದಿಯಿಂದ ನೀರು ನುಸುಳುತ್ತದೆ. ತೆಳು ಕ್ಯಾರಿಬ್ಯಾಗ್ ಬೇಡ, ರಟ್ಟಿನ ಮೂಲೆಗೆ ತಾಗಿಯೇ ಹರಿಯುತ್ತದೆ. ಪ್ಲಾಸ್ಟಿಕ್ ಆವಿಯನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಒಂದು ವಾರದ ಪ್ರಯಾಣಕ್ಕೆ ಅಷ್ಟು ಸಾಕು, ಮೂರು ತಿಂಗಳು ಗೋದಾಮಿನಲ್ಲಿ ಇಡಲು ಸಾಲದು.

ಹೊರಗಿನ ಕೊರಿಯರ್ ಕವರ್ ರಟ್ಟನ್ನು ಕಾಯುತ್ತದೆ. ರಟ್ಟು ಅಂದರೆ ಕಾಗದ, ನಡುವಿನ ಅಲೆಅಲೆ ಹಾಳೆಯನ್ನು ಅಂಟಿಸಿರುವುದು ಸಾಮಾನ್ಯವಾಗಿ ಪಿಷ್ಟದ ಅಂಟಿನಿಂದ. ನಮ್ಮ ಮೈದಾ ಅಂಟಿನ ಸೋದರ ಅನ್ನಿ. ನೆನೆದರೆ ಬಿಡುತ್ತದೆ. ನೆನೆಯದಿದ್ದರೂ ಶೇ 90ರ ತೇವದ ಗಾಳಿಯಲ್ಲಿ ದಿನಗಟ್ಟಲೆ ಕೂತ ರಟ್ಟಿನ ಡಬ್ಬ ಮೇಲಿನ ಭಾರ ಹೊರುವ ಶಕ್ತಿಯನ್ನು ಹೆಚ್ಚುಕಡಿಮೆ ಅರ್ಧ ಕಳೆದುಕೊಳ್ಳುತ್ತದೆ. ಅದಕ್ಕೇ ಮಳೆಗಾಲದಲ್ಲಿ ಒಂದರ ಮೇಲೊಂದು ಇಟ್ಟ ಡಬ್ಬಗಳಲ್ಲಿ ತಳದ್ದು ಅಪ್ಪಚ್ಚಿ. ಬೇಸಿಗೆಯಲ್ಲಿ 3 ಪ್ಲೈ, ಅಂದರೆ ಮೂರು ಪದರದ ರಟ್ಟು ಸಾಕಾಗುವ ಮಾಲಿಗೆ ಈಗ 5 ಪ್ಲೈ ಹಾಕಿ. ಇನ್ನೊಂದು, ಟೇಪನ್ನು ನಡುಗೀಟಿಗೆ ಮಾತ್ರವಲ್ಲ, ಎರಡೂ ಬದಿಯ ಅಂಚಿಗೂ ಎಳೆಯಿರಿ. ತಳಕ್ಕೂ ಹಾಗೇ, ಯಾಕಂದರೆ ಒದ್ದೆ ನೆಲದ ಮೇಲಿಟ್ಟ ಡಬ್ಬ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಕೆಳಗಿನಿಂದ ನೀರು ಎಳೆಯುತ್ತದೆ. ತೇವ ಹಿಡಿದ ರಟ್ಟಿಗೆ ಟೇಪ್ ಕಚ್ಚುವುದಿಲ್ಲ, ಹಳೇ ಡಬ್ಬವಾದರೆ ಮೊದಲು ಬಿಸಿಲು ತೋರಿಸಿ.

ಮಾಲು ಪೂರ್ತಿ ಒಣಗಿದೆಯೋ ಇಲ್ಲವೋ ಅನುಮಾನ, ಆದರೂ ಕಳಿಸಲೇಬೇಕು ಅಂದರೆ? ಹತ್ತಿರದ ಊರಾದರೆ ಒಳಗಿನ ಚೀಲದ ಬಾಯಿ ಬಿಗಿಯಬೇಡಿ, ಸಡಿಲವಾಗಿ ಮಡಚಿ ಬಿಡಿ. ಘಟ್ಟದ ಕೆಳಗಿನ ಊರಾದರೆ ಒಂದು ದಿನ ತಡ ಆಗುತ್ತೆ ಅಂತ ಗಿರಾಕಿಗೆ ಫೋನ್ ಮಾಡುವುದೇ ಒಳ್ಳೆಯದು.

ಕಸೂತಿ ಬಟ್ಟೆಗೆ ಒಂದೇ ಮಾತು ಸೇರಿಸುತ್ತೇನೆ. ಕೆಂಪು, ನೀಲಿ ದಾರದ ಕೆಲಸ ಇರುವ ಲಂಬಾಣಿ ಬಟ್ಟೆಯನ್ನು ಮಡಚುವಾಗ ಪದರದ ನಡುವೆ ಬಿಳಿ ಹತ್ತಿ ಬಟ್ಟೆ ಇಡಿ. ತೇವ ತಾಗಿ ಬಣ್ಣ ಬಿಟ್ಟರೆ ಅದು ಹೋಗಿ ಆ ಬಟ್ಟೆಗೆ ಕೂರುತ್ತದೆ, ಪಕ್ಕದ ಮಡಿಕೆಗಲ್ಲ.

## ಬೋರ್ಡು, ಫೋನು: ಇಲ್ಲಿ ಸಿಲಿಕಾ ಗೆಲ್ಲುತ್ತದೆ

ಗಂಗಾವತಿ ಕಡೆ ರೈಸ್ ಮಿಲ್ಲಿನ ಯಂತ್ರದ ಬೋರ್ಡ್ ಕೆಟ್ಟರೆ ರಿಪೇರಿಗೆ ಬೆಂಗಳೂರಿಗೆ ಕಳಿಸುವುದು ಸಾಮಾನ್ಯ. ಬೋರ್ಡ್ ಹತ್ತಿಯ ಹಾಗೆ ಲೋಟಗಟ್ಟಲೆ ನೀರು ಹಿಡಿಯುವುದಿಲ್ಲ. ಅದರ ಚೀಲದಲ್ಲಿ ಇರುವುದು ಬರೀ ಗಾಳಿಯ ತೇವ, ಒಂದು ಗ್ರಾಂಗಿಂತ ಬಹಳ ಕಡಿಮೆ. 5 ಗ್ರಾಂನ ಒಂದು ಪೊಟ್ಟಣ ಅದನ್ನು ಸುಲಭವಾಗಿ ನುಂಗುತ್ತದೆ.

ಇಲ್ಲಿ ನಾವು ಮಾಡುವ ತಪ್ಪು ಬೇರೆ. ಬೋರ್ಡನ್ನು ಹಳೇ ಪೇಪರಿನಲ್ಲಿ ಸುತ್ತಿ, ಅದನ್ನು ಚೀಲಕ್ಕೆ ಹಾಕಿ, ಸಿಲಿಕಾ ಇಟ್ಟು ಮುಚ್ಚುತ್ತೇವೆ. ಮಳೆಗಾಲದ ನೂರು ಗ್ರಾಂ ಪೇಪರಿನಲ್ಲಿ ಹತ್ತು ಗ್ರಾಂ ನೀರು ಇರಬಹುದು. ಪಾಪ, ಸಿಲಿಕಾ ಪೇಪರನ್ನು ಒಣಗಿಸುವುದರಲ್ಲೇ ಸುಸ್ತಾಗುತ್ತದೆ. ಪೇಪರು, ರಟ್ಟು ಏನಿದ್ದರೂ ಚೀಲದ ಹೊರಗೆ ಇರಲಿ.

ಚೀಲದ ಬಣ್ಣವನ್ನೂ ನೋಡಿ. ಗುಲಾಬಿ ಬಣ್ಣದ ಪಾರದರ್ಶಕ ಚೀಲ ಸ್ಥಿರ ವಿದ್ಯುತ್ತಿನಿಂದ ಕಾಯಲು ಮಾಡಿದ್ದು, ತೇವದ ಮಟ್ಟಿಗೆ ಅದು ಮಾಮೂಲಿ ಪ್ಲಾಸ್ಟಿಕ್ಕೇ. ತೇವ ತಡೆಯುವುದು ಒಳಗಿನ ವಸ್ತು ಕಾಣದಂಥ, ದಪ್ಪ ಬೆಳ್ಳಿ ಬಣ್ಣದ, ಬಿಸಿಯಿಂದ ಬಾಯಿ ಅಂಟಿಸುವ ಚೀಲ. ತುಂಬುವ ಮೊದಲು ಬೋರ್ಡಿನ ಮೇಲಿನ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಮಿಲ್ಲಿನ ತೌಡಿನ ಧೂಳು ತೇವ ಎಳೆದು, ಎರಡು ತಂತಿ ಗೆರೆಗಳ ನಡುವೆ ಕರೆಂಟ್ ಹರಿಯಲು ದಾರಿ ಮಾಡಿಕೊಡುತ್ತದೆ.

ಸಿಲಿಕಾ ಕೊಳ್ಳುವಾಗ ಬಣ್ಣ ಬದಲಾಗುವ ಕಿತ್ತಳೆ ಮಣಿಯದ್ದು ತನ್ನಿ. ಹೊಟ್ಟೆ ತುಂಬಿದರೆ ಅದು ಹಸಿರಿಗೆ ತಿರುಗುತ್ತದೆ. ಅಂಗಡಿಯಲ್ಲಿ ತೆರೆದ ಡಬ್ಬದಲ್ಲಿಟ್ಟು ಮಾರುವ ಪೊಟ್ಟಣ ನಿಮ್ಮ ಕೈ ಸೇರುವ ಮೊದಲೇ ಊಟ ಮುಗಿಸಿರುತ್ತದೆ. ನೆನೆದ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ಸಾಕು ಅನ್ನುವವರಿದ್ದಾರೆ. ಅಕ್ಕಿ ಸೀಮೆಯವರಾದ ನಮಗೆ ಗೊತ್ತಿರಬೇಕು, ಮೂಟೆಯ ಅಕ್ಕಿಯಲ್ಲೇ ಶೇ 12–13ರಷ್ಟು ನೀರಿರುತ್ತದೆ. ಅದು ಇನ್ನೊಬ್ಬರನ್ನು ಎಷ್ಟು ಒಣಗಿಸೀತು?

ಪಾರ್ಸೆಲ್ ತಗೊಳ್ಳುವವರಿಗೂ ಒಂದು ಮಾತು ಹೇಳಿರಿ. ತಣ್ಣಗಿನ ಲಾರಿಯಿಂದ ಇಳಿದ ಚೀಲವನ್ನು ಕೂಡಲೇ ಕತ್ತರಿಸಬಾರದು. ಹೊರಗಿನ ಬೆಚ್ಚಗಿನ ಗಾಳಿ ತಣ್ಣಗಿನ ಬೋರ್ಡಿಗೆ ತಾಗಿದರೆ ಅದರ ಮೇಲೆಯೇ ಹನಿ ಕೂರುತ್ತದೆ. ಮುಚ್ಚಿದ ಹಾಗೇ ಎರಡು ಮೂರು ತಾಸು ಕೋಣೆಯಲ್ಲಿಟ್ಟು ಆಮೇಲೆ ಬಿಚ್ಚಲಿ, ಆಮೇಲೆ ಕರೆಂಟ್ ಕೊಡಲಿ.

## ಕಾಗದ

ಮಾರ್ಕ್ಸ್ ಕಾರ್ಡು, 371(ಜೆ) ಪ್ರಮಾಣಪತ್ರ, ಲಗ್ನಪತ್ರಿಕೆ. ಮಳೆಗಾಲದಲ್ಲಿ ಕಾಗದ ಅಲೆಅಲೆಯಾಗಿ ಬಾಗುವುದು ಯಾಕೆ ಗೊತ್ತೇ? ತೇವ ಅಂಚಿನಿಂದ ಒಳಗೆ ಹೋಗುತ್ತದೆ. ಅಂಚು ಹಿಗ್ಗುತ್ತದೆ, ನಡುಭಾಗ ಹಿಗ್ಗುವುದಿಲ್ಲ. ಹೆಚ್ಚಾದ ಅಂಚು ಎಲ್ಲಿ ಹೋಗಬೇಕು? ಏಳುತ್ತದೆ. ಹಾಗಾಗಿ ಹಾಳೆಗಳನ್ನು ಎರಡು ಗಟ್ಟಿ ರಟ್ಟಿನ ನಡುವೆ ಬಿಗಿಯಾಗಿ ಒತ್ತಿ ಕಟ್ಟಿ, ಆ ಕಟ್ಟನ್ನೇ ಜಿಪ್ ಕವರಿಗೆ ಹಾಕಿ. ಒತ್ತಿದ ಕಟ್ಟಿಗೆ ಗಾಳಿ ನುಗ್ಗುವುದು ಕಷ್ಟ.

ಇಲ್ಲಿ ಕಣ್ಣಿಗೆ ಬೀಳದ ತೊಂದರೆ ಮುದ್ರಣದ್ದು. ಇಂಕ್‌ಜೆಟ್ ಪ್ರಿಂಟು, ಇಲಾಖೆಯ ನೇರಳೆ ಸೀಲು ಹನಿ ತಾಗಿದರೆ ಕದಡುತ್ತವೆ. ಲೇಸರ್ ಪ್ರಿಂಟು ನೀರಿಗೆ ಹೆದರುವುದಿಲ್ಲ, ಆದರೆ ಕೆಲವು ಮೆತ್ತನೆಯ ಪ್ಲಾಸ್ಟಿಕ್ ಫೈಲುಗಳಿಗೆ ಅದರ ಅಕ್ಷರವೇ ಅಂಟಿಕೊಂಡು ಎದ್ದು ಬರುತ್ತದೆ. ಎರಡಕ್ಕೂ ಮದ್ದು ಒಂದೇ, ಮೇಲೊಂದು ಕೆಳಗೊಂದು ಖಾಲಿ ಬಿಳಿ ಹಾಳೆ. ಮಿರಿಮಿರಿ ಮಿಂಚುವ ಆರ್ಟ್ ಪೇಪರಿನ ಪತ್ರಿಕೆ ನೆನೆದು ಹಾಗೇ ಒಣಗಿದರೆ ಇಟ್ಟಿಗೆಯ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಒದ್ದೆ ಇರುವಾಗಲೇ ಒಂದೊಂದೇ ಬೇರ್ಪಡಿಸಿ ಫ್ಯಾನ್ ಗಾಳಿಗೆ ಹರವಬೇಕು.

ವಿಳಾಸದ ಚೀಟಿಯೂ ಕಾಗದವೇ. ಪೆನ್ನಿನಲ್ಲಿ ಬರೆದಿದ್ದರೆ ಅದರ ಮೇಲೆ ಪಾರದರ್ಶಕ ಟೇಪ್ ಎಳೆಯಿರಿ. ಇನ್ನೊಂದು ಚೀಟಿ ಡಬ್ಬದ ಒಳಗೆ ಇರಲಿ, ಹೊರಗಿನದು ಅಳಿಸಿಹೋದರೂ ಡಬ್ಬ ಯಾರದ್ದು ಅಂತ ಗೊತ್ತಾಗುತ್ತದೆ.

## ಕೆಟ್ಟು ಬಂದರೆ, ತಪ್ಪು ಎಲ್ಲಿ ಆಯಿತು?

ಡಬ್ಬ ಬಿಚ್ಚುವ ಮೊದಲು ಸುತ್ತ ತಿರುಗಿಸಿ ನೋಡಿ. ತಳ ಮೆತ್ತಗಾಗಿದ್ದು, ರಟ್ಟಿನ ಮೇಲೆ ಮಾಸಲು ಬಣ್ಣದ ನೀರಿನ ಗೆರೆ ಇದ್ದರೆ ನೀರು ಹೊರಗಿನಿಂದ ಬಂದಿದೆ. ಗೆರೆ ಎಷ್ಟು ಎತ್ತರಕ್ಕೆ ಏರಿದೆಯೋ ಅಷ್ಟು ನೀರು ಎಳೆದಿದೆ. ಮೇಲ್ಭಾಗದಲ್ಲಿ ಕಲೆ ಇದ್ದರೆ ಮಳೆ ಅಥವಾ ಸೋರುವ ಸೂರು. ಹೊರಗೆ ಎಲ್ಲ ಗರಿಗರಿ, ಒಳಗಿನ ಚೀಲದ ಗೋಡೆಗೆ ಮಾತ್ರ ಹನಿ, ತಳದ ಮಾಲಿಗೆ ಜಾಸ್ತಿ ಪೆಟ್ಟು ಅಂದರೆ ನೀರನ್ನು ನಾವೇ ಒಳಗಿಟ್ಟು ಕಳಿಸಿದ್ದೇವೆ. ನನ್ನದು ಇದೇ. ಕೊರಿಯರಿನವರ ಜೊತೆ ಜಗಳ ಆಡಿದ್ದರೆ ನಾಚಿಕೆಪಡಬೇಕಾಗುತ್ತಿತ್ತು.

ಕುಂದಾಪುರದ ಗಿರಾಕಿಗೆ ಎರಡನೇ ಸಲ ಆರು ಪ್ಯಾಂಟ್ ಕಳಿಸುವಾಗ ಎರಡು ಮಧ್ಯಾಹ್ನ ಒಣಗಿಸಿದೆ. ಮೊದಲ ರಾತ್ರಿ ಡಬ್ಬಿಯಲ್ಲಿ ಮೀಟರ್ 68 ತೋರಿಸಿತು, ಎರಡನೇ ರಾತ್ರಿ 59. ಚೀಲದ ಬಾಯಿ ಬಿಗಿಯುವ ಮೊದಲು ಆ ಮೀಟರನ್ನೇ ಬಟ್ಟೆಯ ನಡುವೆ ಇಟ್ಟು, ಬಿಚ್ಚಿದ ಕೂಡಲೇ ಒಂದು ಫೋಟೋ ಕಳಿಸಿ ಅಕ್ಕಾ ಅಂತ ಚೀಟಿ ಬರೆದೆ. ಐದನೇ ದಿನ ಫೋಟೋ ಬಂತು. ಹಿಂದೆ ಕಿಟಕಿಯಾಚೆ ಧೋ ಅಂತ ಮಳೆ, ಮುಂದೆ ಮೀಟರಿನಲ್ಲಿ 62. ಮೀಟರ್ ಇನ್ನೂ ಅವರ ಹತ್ತಿರವೇ ಇದೆ. ಅಕ್ಕಿ ಡಬ್ಬದಲ್ಲಿ ಇಟ್ಟುಕೊಂಡಿದ್ದಾರಂತೆ.